ಟೀಚರ್ ಫೋಟೋ: ಏನ್ ತೆಗ್ದೆ, ಏನ್ ಬಿಟ್ಟೆ, ಎಲ್ಲಿ ತಪ್ಪಿದೆ

ಮೊದಲನೇದು ಎಡಿಟ್‌ಗೆ ಮುಂಚಿಂದು, ಎರಡನೇದು ಎಡಿಟ್ ಆದ್ಮೇಲಿಂದು. ಎರಡೂ ಒಂದೇ ಕ್ಲಿಕ್ಕು, ಒಂದೇ ಫೈಲು. ಮೊದಲನೇದಕ್ಕೆ ಬೇಕಂತ ಕೆಟ್ಟ ಲೈಟ್ ಹಾಕಿ ಎರಡನೇದಕ್ಕೆ ಒಳ್ಳೆ ಲೈಟ್ ಹಾಕಿ ತೆಗ್ದಿದ್ದಲ್ಲ.

ಇವ್ರು ನಮ್ಮ ಬೀದಿಯ ಟೀಚರ್, ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿದವ್ರು, ಈ ತಿಂಗಳು ರಿಟೈರ್ ಆಗ್ತಿದಾರೆ. ಬೀಳ್ಕೊಡುಗೆಗೆ ಒಂದು ದೊಡ್ಡ ಫೋಟೋ ಬೇಕು ಅಂತ ಅವ್ರ ಮಗಳು ಕೇಳಿದ್ರು. ಮುಂಚಿಂದು, ಆಮೇಲಿಂದು ಎರಡನ್ನೂ ಹಾಕ್ಲಾ ಟೀಚರ್ ಅಂತ ಕೇಳ್ದೆ, ಹಾಕಪ್ಪ ಆದ್ರೆ ಏನೇನ್ ಮಾಡ್ದೆ ಅಂತಾನೂ ಬರಿ ಅಂದ್ರು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಬೆಳಗ್ಗೆ ಹತ್ತೂವರೆ, ಅವ್ರ ಮನೆ ಹಾಲಿನ ಪೂರ್ವದ ಕಿಟಕಿ, ಕಿಟಕಿಗೆ ಬಿಳಿ ಪಂಚೆ ಕಟ್ಟಿದ್ವಿ, ಇನ್ನೊಂದು ಪಕ್ಕ ಥರ್ಮೋಕೋಲ್ ಶೀಟು. 85 ಎಂಎಂ ಲೆನ್ಸ್, f/2.8, ಐಎಸ್‌ಒ 400. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಎಡಿಟ್ ಶುರು ಆಗೋಕೆ ಮುಂಚೇನೇ ಅರ್ಧ ಕೆಲ್ಸ ಆಗಿರುತ್ತೆ, ಪಂಚೆ ಕಟ್ಟಿದಾಗ್ಲೇ ಬೆಳಕು ಮೆತ್ತಗಾಗಿ ಮುಖದ ಸುಕ್ಕಿನ ನೆರಳು ಕಮ್ಮಿ ಆಗೋಯ್ತು, ಆರೇಳು ಅಡಿ ದೂರ ನಿಂತು ತೆಗ್ದಿದ್ದಕ್ಕೆ ಮೂಗು ಮುಖಕ್ಕೆ ಸರಿಯಾಗಿ ಕೂತಿದೆ. ಅದೇ ಫೋನ್ ಹಿಡ್ಕೊಂಡು ಒಂದೂವರೆ ಅಡಿಯಿಂದ ತೆಗ್ದಿದ್ರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗಿರೋದು. ಹಾಗಾಗಿ "ಮುಂಚಿಂದು" ಕೂಡ ಕನ್ನಡಿಯಲ್ಲಿ ಕಾಣೋ ಮುಖ ಅಂತ ಅಂದ್ಕೋಬೇಡಿ. ಅದು ರಾ ಫೈಲು ಬೇರೆ, ರಾ ಅಂದ್ರೆ ಕ್ಯಾಮೆರಾ ಏನೂ ತಿದ್ದದೇ ಕೊಡೋ ಫೈಲು, ಸ್ವಲ್ಪ ಮಂಕಾಗೇ ಇರುತ್ತೆ, ಟೀಚರ್ ಮುಖ ಅಷ್ಟು ಮಂಕಲ್ಲ.

ಈಗ ಎಡಿಟ್‌ಗೆ ಬರೋಣ.

ಬಣ್ಣ. ಹಾಲಿನ ಗೋಡೆ ಗಿಳಿಹಸಿರು, ಆ ಹಸಿರು ಎಡಗೆನ್ನೆ ಮೇಲೂ ಗಲ್ಲದ ಕೆಳಗೂ ಬಿದ್ದಿತ್ತು, ಮೊದಲನೇ ಫೋಟೋದಲ್ಲಿ ನೋಡಿ, ಜ್ವರ ಬಂದವ್ರ ಥರ ಕಾಣುತ್ತೆ. ಟಿಂಟ್‌ನ ಮಜೆಂಟಾ ಕಡೆ ತಳ್ಳಿ ಅದನ್ನ ತೆಗ್ದೆ. ಎಕ್ಸ್‌ಪೋಷರ್ ಪೂರ್ತಿ ಫೋಟೋಗೆ 0.35 ಏರ್ಸಿದೀನಿ. ಆರೆಂಜ್ ಸ್ಲೈಡರ್‌ನ ಮುಟ್ಟಿಲ್ಲ. ನಮ್ಮ ಮೈಬಣ್ಣ ಎಲ್ಲಾ ಹೆಚ್ಚುಕಮ್ಮಿ ಆ ಆರೆಂಜ್ ಒಳಗೇ ಬರುತ್ತೆ, ಅದರ ಲ್ಯೂಮಿನೆನ್ಸ್, ಅಂದ್ರೆ ಆ ಬಣ್ಣದ ಹೊಳಪು, ಒಂದಿಷ್ಟು ಏರ್ಸಿದ್ರೆ ಯಾರನ್ನ ಬೇಕಾದ್ರೂ ಎರಡು ಸೆಕೆಂಡಲ್ಲಿ ಬೆಳ್ಳಗೆ ಮಾಡ್ಬಹುದು. ಮದ್ವೆ ಆಲ್ಬಮ್‌ಗಳಲ್ಲಿ "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ" ಅಂತ ಮನೆಯವ್ರೇ ಹೇಳೋದನ್ನ ಎಷ್ಟು ಸಲ ಕೇಳಿದೀನೋ, ಪ್ರತಿ ಸಲಾನೂ ಹೊಟ್ಟೆ ಉರಿಯುತ್ತೆ, ಆ ಹುಡುಗಿ ಅಲ್ಲೇ ಪಕ್ಕದಲ್ಲೇ ಕೂತಿರ್ತಾಳೆ. ನನ್ನ ಮೇಲೂ ಡೌಟ್ ಇದ್ರೆ ಮುಖ ನೋಡ್ಬೇಡಿ, ಟೀಚರ್ ಕೈ ನೋಡಿ, ಕಿವಿ ನೋಡಿ, ಕುತ್ತಿಗೆ ನೋಡಿ. ಬರೀ ಮುಖ ಬೆಳ್ಳಗೆ ಮಾಡಿದ್ರೆ ಅಲ್ಲಿ ಸಿಕ್ಕಾಕೋತೀವಿ.

ತೆಗ್ದು ಹಾಕಿದ್ದು: ಹಣೆ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ, ಕಣ್ಣಿಗೆ ಅಡ್ಡ ಬಂದಿದ್ದ ಮೂರು ಕೂದ್ಲು, ಹೆಗಲ ಮೇಲೆ ಸೀರೆಗೆ ಹಾಕಿದ್ದ ಪಿನ್ನು, ಹಿಂದಿನ ಗೋಡೆಯ ಸ್ವಿಚ್ ಬೋರ್ಡು. ಸೀರೆಯ ಕೆಂಪು ಕ್ಯಾಮೆರಾದಲ್ಲಿ ತುಂಬಾ ಹೊಡೀತಿತ್ತು, ಮಡಿಕೆನೇ ಕಾಣ್ತಿರ್ಲಿಲ್ಲ, ಅದಕ್ಕೆ ಆ ಕೆಂಪನ್ನ ಇಳ್ಸಿದೀನಿ. ಅಸಲಿ ಸೀರೆ ಎರಡನೇ ಫೋಟೋದಲ್ಲಿರೋ ಥರಾನೇ ಇದೆ.

ಕೆನ್ನೆ ಮೇಲೆ ಟೆಕ್ಸ್‌ಚರ್ ಎಂಟು ಪಾಯಿಂಟ್ ಇಳ್ಸಿದೀನಿ. ಝೂಮ್ ಮಾಡಿದ್ರೆ ಚರ್ಮದ ರಂಧ್ರ ಕಾಣುತ್ತೆ, ಮೇಣ ಬಳಿದ ಹಾಗಿಲ್ಲ, ಆದ್ರೂ ಇಳ್ಸಿದ್ದು ಇಳ್ಸಿದ್ದೇ. ಹಣೆ ಗೆರೆ, ಬಾಯಿ ಪಕ್ಕದ ಗೆರೆ, ಬೈತಲೆ ಬಿಳಿಕೂದ್ಲು ಎಲ್ಲಾ ಇದ್ದ ಹಾಗೇ ಇದೆ. ಲಿಕ್ವಿಫೈ ಓಪನ್ನೇ ಮಾಡಿಲ್ಲ, ಗಲ್ಲ ಸಣ್ಣ ಮಾಡಿಲ್ಲ, ಕಣ್ಣು ದೊಡ್ಡದು ಮಾಡಿಲ್ಲ. ಕಣ್ಣಲ್ಲಿರೋ ಹೊಳಪು ಕಿಟಕೀದೇ, ಪಾಪೆ ಸುತ್ತ ಮಾತ್ರ ಸ್ವಲ್ಪ ಡಾಡ್ಜ್ ಮಾಡಿದೀನಿ, ಅಂದ್ರೆ ಅಷ್ಟು ಜಾಗ ಮಾತ್ರ ತಿಳಿ ಮಾಡಿದೀನಿ.

ಎರಡು ವಿಷ್ಯ ಇನ್ನೂ ಇದೆ.

ಒಂದು ನನ್ನ ತಪ್ಪು. ಟೀಚರ್ ಕನ್ನಡಕ ಹಾಕ್ಕೋತಾರೆ, ಗ್ಲಾಸಲ್ಲಿ ಕಿಟಕಿ ಹೊಳೀತಿದೆ ಅಂತ ನಾನೇ ತೆಗ್ಸಿದ್ದೆ. ಮೂಗಿನ ಎರಡೂ ಪಕ್ಕ ಕನ್ನಡಕ ಕೂತೂ ಕೂತೂ ಆದ ಗುಳಿ ಇದೆಯಲ್ಲ, ಮೊದಲನೇ ಸಲ ಎಡಿಟ್ ಮಾಡುವಾಗ ಕೈ ಅಭ್ಯಾಸದಲ್ಲಿ ಹೀಲಿಂಗ್ ಬ್ರಷ್ ಓಡ್ಸಿ ಅದನ್ನ ಅಳಿಸ್ಬಿಟ್ಟಿದ್ದೆ, ಯೋಚ್ನೇನೂ ಮಾಡಿರ್ಲಿಲ್ಲ. ಎರಡು ವಾರದಲ್ಲಿ ತಾನಾಗೇ ಹೋಗೋದನ್ನ ತೆಗೀಬಹುದು, ಹೋಗದೇ ಇರೋದನ್ನ ಮುಟ್ಟಬಾರ್ದು ಅಂತ ನಾನೇ ಎಲ್ರಿಗೂ ಹೇಳ್ತಿದ್ದವನು. ಟೀಚರ್ ಫೋಟೋ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಮೂವತ್ತು ವರ್ಷ ಕನ್ನಡಕ ಹಾಕಿದೀನಪ್ಪ, ಇದ್ಯಾರೋ ನನ್ನ ತಂಗಿ ಥರ ಇದಾಳೆ" ಅಂದ್ರು. ಮನೆಗೆ ಬಂದು ಆ ಲೇಯರ್ ಡಿಲೀಟ್ ಮಾಡ್ದೆ. ಆ ತಪ್ಪು ಎಡಿಟ್‌ನೂ ಮೂರನೇ ಸ್ಲೈಡಲ್ಲಿ ಹಾಕಿದೀನಿ, ಎರಡನೇದ್ರ ಜೊತೆ ಇಟ್ಟು ಮೂಗಿನ ಹತ್ರ ನೋಡಿ.

ಇನ್ನೊಂದು, ಕಣ್ಣಿನ ಕೆಳಗಿನ ಕಪ್ಪು. ಮಗಳ ಬಾಣಂತನ ನಡೀತಿದೆ, ರಾತ್ರಿ ಎಲ್ಲಾ ಮೊಮ್ಮಗು ಎತ್ಕೊಂಡು ಓಡಾಡ್ತಾರೆ, ಆ ಕಪ್ಪು ಅರ್ಧ ನಿದ್ದೆ ಇಲ್ದೇ ಬಂದಿದ್ದು, ಇನ್ನರ್ಧ ವಯಸ್ಸಿಂದು. ಎಲ್ಲಿವರ್ಗೂ ನಿದ್ದೆ, ಎಲ್ಲಿಂದ ವಯಸ್ಸು ಅಂತ ಗೆರೆ ಹೇಗೆ ಎಳೀಲಿ? ಪೂರ್ತಿ ತೆಗೀದೇ ಮೂವತ್ತು ಪರ್ಸೆಂಟ್ ಒಪಾಸಿಟಿಯಲ್ಲಿ ತಿಳಿ ಮಾಡಿದೀನಿ. ಟೀಚರ್ ಒಪ್ಪಿದ್ರು. ನನಗೆ ಇವತ್ತಿಗೂ ಇದೊಂದು ಸರಿ ಹೋಗಿದ್ಯಾ ಇಲ್ವಾ ಅಂತ ಪೂರ್ತಿ ಸಮಾಧಾನ ಇಲ್ಲ.

ನಾನು ಕೆಲ್ಸ ಕಲ್ತ ಸ್ಟುಡಿಯೋದ ಯಜಮಾನ್ರು ನೆಗೆಟಿವ್ ಮೇಲೇನೇ ಚೂಪಾದ ಪೆನ್ಸಿಲ್ ಹಿಡ್ಕೊಂಡು ಟಚಿಂಗ್ ಮಾಡ್ತಿದ್ರು, ಮೊಡವೆ ಕಲೆ, ಸುಕ್ಕು ಎಲ್ಲಾ ಹಾಗೇ ಮಾಯ ಆಗೋದು. ಹಾಗಾಗಿ ಇದು ಫೋಟೋಶಾಪ್ ತಂದ ರೋಗ ಏನಲ್ಲ, ಹಳೇ ಕಸುಬು. ಬರೀ ಒಂದು ವ್ಯತ್ಯಾಸ, ಆಗ ಆ ಫೋಟೋ ನಡುಮನೆ ಗೋಡೆ ಮೇಲೆ ಇರ್ತಿತ್ತು, ಈಗ ಸಾವಿರ ಜನ ಅದನ್ನ ನೋಡಿ ತಮ್ಮ ಮುಖದ ಜೊತೆ ಹೋಲಿಸ್ಕೋತಾರೆ. ನಾರ್ವೆಯಲ್ಲಿ ಜಾಹೀರಾತಿನ ಫೋಟೋದಲ್ಲಿ ಮೈ ಆಕಾರನೋ ಚರ್ಮನೋ ತಿದ್ದಿದ್ರೆ ಹಾಗಂತ ಗುರುತು ಹಾಕ್ಲೇಬೇಕು ಅಂತ 2022ರ ಜುಲೈಯಿಂದ ಕಾನೂನೇ ಇದೆ. ನನಗೆ ಆ ಕಾನೂನು ಇಲ್ಲ, ಆದ್ರೆ ಈ ಪೋಸ್ಟು ನನ್ನ ಕೆಲ್ಸದ ಜಾಹೀರಾತೇ ತಾನೆ, ಇದನ್ನ ನೋಡಿ ನೀವು ನಾಳೆ ನನ್ನ ಹತ್ರ ಬರ್ತೀರ, ಬಂದಾಗ ಏನ್ ಸಿಗುತ್ತೆ ಅಂತ ಗೊತ್ತಿರ್ಬೇಕು.

ಒಟ್ಟು ನಲವತ್ತು ನಿಮಿಷದ ಎಡಿಟು, ತಪ್ಪು ಸರಿ ಮಾಡಿದ್ದು ಬಿಟ್ಟು. ಪ್ರಿಂಟ್ 12x18, ಮ್ಯಾಟ್ ಪೇಪರು, ಟೀಕ್ ಫ್ರೇಮು. ಶನಿವಾರ ಬೀಳ್ಕೊಡುಗೆ, ಆಮೇಲೆ ಸ್ಟಾಫ್ ರೂಮಲ್ಲಿ ಹಾಕ್ತಾರಂತೆ. ಟೀಚರ್ ಹತ್ರ ಓದಿದವ್ರು ಇಲ್ಲಿ ಯಾರಾದ್ರೂ ಇದ್ರೆ ಹೇಳಿ, ಆ ಮೂಗಿನ ಗುರುತು ನಿಮಗೂ ನೆನಪಿದ್ಯಾ?