ವಾರ್ಡಿನ ಫಲಕ ಮತ್ತು ಸೂಚನಾ ಹಾಳೆಗಳಲ್ಲಿ ಕನ್ನಡ: ಮೇಟ್ರನ್ ಅವರಿಗೊಂದು ಪತ್ರ

ವಾಸ್ಕೋ, ಗೋವಾ
16 ಜೂನ್ 2025

ಮಾನ್ಯ ಮೇಟ್ರನ್ ಮೇಡಂ ಅವರಿಗೆ,

ವಿಷಯ: ವಾರ್ಡಿನ ಫಲಕಗಳನ್ನೂ ಸೂಚನಾ ಹಾಳೆಗಳನ್ನೂ ಇಂಗ್ಲಿಷಿನ ಜೊತೆ ಕನ್ನಡದಲ್ಲಿ ಒದಗಿಸುವ ಕುರಿತು

ನಮಸ್ಕಾರ. ತಾವು ಕಾರವಾರದವರಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸೂಪರಿಂಟೆಂಡೆಂಟ್ ಅವರಿಗೆ ಕೊಡಲು ಇಂಗ್ಲಿಷ್ ಪ್ರತಿ ಬೇಕಿದ್ದರೆ ಸಿದ್ಧಪಡಿಸುತ್ತೇನೆ.

ಬೈನಾ, ಜುವಾರಿನಗರದಿಂದ ನಮ್ಮ ಸ್ತ್ರೀರೋಗ ವಾರ್ಡಿಗೆ ಬರುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ಎಷ್ಟಿದ್ದಾರೆಂದು ತಮಗೆ ಗೊತ್ತೇ ಇದೆ. ಗಂಡಸರು ಕೆಲಸದ ಜಾಗದಲ್ಲಿ ಹಿಂದಿ ಕಲಿತಿರುತ್ತಾರೆ, ಹೆಂಗಸರಿಗೆ ಅದೂ ಅಷ್ಟಕ್ಕಷ್ಟೆ.

ಕಳೆದ ವಾರ ನಾನು ಡ್ಯೂಟಿಗೆ ಬರುವ ಹೊತ್ತಿಗೆ, ಗರ್ಭಕೋಶ ತೆಗೆಸಿಕೊಂಡ ಒಬ್ಬರಿಗೆ ಡಿಸ್ಚಾರ್ಜ್ ಸೂಚನೆ ಹೇಳುವುದು ನಡೆದಿತ್ತು. ಸಿಸ್ಟರ್ ಹಿಂದಿಯಲ್ಲಿ ಹೇಳುತ್ತಿದ್ದರು, ಕನ್ನಡದಲ್ಲಿ ತಿಳಿಸಬೇಕಾದವನು ಹೈಸ್ಕೂಲು ಮುಟ್ಟದ ಮಗ. ಭಾರ ಎತ್ತಬಾರದು ಎನ್ನುವವರೆಗೆ ಹುಡುಗ ಚೆನ್ನಾಗಿಯೇ ಹೇಳಿದ. ಗಂಡನ ಜೊತೆ ಯಾವಾಗಿನಿಂದ ಸೇರಬಹುದು, ಯಾವ ಬಗೆಯ ಸ್ರಾವವಾದರೆ ಓಡಿ ಬರಬೇಕು ಎಂಬ ಮಾತು ಬಂದಾಗ ಚಪ್ಪಲಿ ನೋಡುತ್ತ ನಿಂತುಬಿಟ್ಟ. ತಾಯಿ ಗೋಡೆಯ ಕಡೆ ತಿರುಗಿದರು. ಸಿಸ್ಟರ್ ಅವರದೂ ತಪ್ಪಲ್ಲ, ಕೈಗೆ ಕೊಡಲು ಅವರ ಬಳಿ ಇದ್ದದ್ದು ಇಂಗ್ಲಿಷ್ ಹಾಳೆ ಮಾತ್ರ.

ಆದ್ದರಿಂದ ಫಲಕಕ್ಕಿಂತ ಮೊದಲು ಹಾಳೆಗಳಾಗಲಿ ಎಂಬುದು ನನ್ನ ಕೋರಿಕೆ. ಡಿಸ್ಚಾರ್ಜ್ ಸೂಚನೆಯದು ಒಂದು. ಆಪರೇಷನ್ನಿಗೆ ಮುಂಚಿನ ಉಪವಾಸದ್ದು ಇನ್ನೊಂದು: ಏನೂ ತಿನ್ನಬೇಡಿ ಎಂದರೆ ಬೆಳಗಿನ ಚಹಾ ಲೆಕ್ಕಕ್ಕಿಲ್ಲ ಎಂದುಕೊಳ್ಳುವವರೇ ಹೆಚ್ಚು. ಊಟ, ರೊಟ್ಟಿ, ಹಾಲು, ಹಾಲು ಹಾಕಿದ ಚಹಾ 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲು ಎಂದು ಬಿಡಿಸಿ ಬರೆದು, ಗಡಿಯಾರದ ಸಮಯವನ್ನು ಅರಿವಳಿಕೆ ವೈದ್ಯರು ಪೆನ್ನಿನಲ್ಲಿ ತುಂಬಲು ಜಾಗ ಬಿಡೋಣ. ಮಳೆಗಾಲ ಶುರುವಾಗಿರುವುದರಿಂದ ಮಕ್ಕಳ ವಾರ್ಡಿಗೆ ಓಆರ್‌ಎಸ್ ಹಾಳೆಯೂ ಬೇಕು. ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವ ತಾಯಂದಿರಿದ್ದಾರೆ. ಪೂರ್ತಿ ಪೊಟ್ಟಣ, ಒಂದು ಲೀಟರ್ ನೀರು, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು, ಇಷ್ಟಿದ್ದರೆ ಸಾಕು. ಓದು ಬಾರದವರಿಗಾಗಿ ಮಾತ್ರೆಯ ಹೊತ್ತಿಗೆ ಸೂರ್ಯ, ಚಂದ್ರನ ಚಿತ್ರವಿರಲಿ.

ಫಲಕಗಳಲ್ಲಿ ಎಕ್ಸ್‌ರೇ, ಔಷಧಿ ಕೌಂಟರ್, ಹೆಂಗಸರ ಶೌಚಾಲಯ, ಆಮ್ಲಜನಕವಿರುವಲ್ಲಿ ಬೀಡಿ ಸೇದಬಾರದು ಎಂಬುವು ಮೊದಲು ಬರಲಿ. ಈಗಿರುವ ಕೊಂಕಣಿ, ಮರಾಠಿ ಬೋರ್ಡುಗಳನ್ನು ಮುಟ್ಟುವುದು ಬೇಡ. ಅದು ಬೇಡದ ಜಗಳಕ್ಕೆ ದಾರಿ. ನಾಳೆ ಒಡಿಯಾದವರೂ ಕೇಳಿದರೆ ಎಂದು ಆಡಳಿತದವರು ಅನ್ನಬಹುದು. ಕೇಳಲಿ, ಹಾಳೆಯ ನಮೂನೆಯಂತೂ ಸಿದ್ಧವಿರುತ್ತದೆ.

ಕರಡನ್ನು ನಾನು ಬರೆಯುತ್ತೇನೆ, ಪುಸ್ತಕದ ಕನ್ನಡದಲ್ಲಲ್ಲ. ವೈದ್ಯರು ಇಂಗ್ಲಿಷ್ ಪಠ್ಯವನ್ನು ಒಪ್ಪಿ ಸಹಿ ಮಾಡಲಿ, ಕನ್ನಡವನ್ನು ತಾವು ತಿದ್ದಬೇಕು. ಅಚ್ಚಿಗೆ ಕೊಡುವ ಮುನ್ನ ಆಯಾ ಒಬ್ಬರಿಗೆ, ಒಬ್ಬಿಬ್ಬರು ರೋಗಿಗಳ ಮನೆಯವರಿಗೆ ಓದಿಸಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಬಾಯಿಂದಲೇ ಕೇಳಿಸಿಕೊಳ್ಳುತ್ತೇನೆ. ಸದ್ಯಕ್ಕೆ ಆಫೀಸಿನ ಪ್ರಿಂಟರೇ ಸಾಕು, ಗೋಡೆಗೆ ಅಂಟಿಸುವವನ್ನು ಮಾತ್ರ ಲ್ಯಾಮಿನೇಟ್ ಮಾಡಿಸಬೇಕು.

ಸ್ತ್ರೀರೋಗ ವಾರ್ಡಿನಲ್ಲಿ ಶುರುಮಾಡಲು ಅನುಮತಿ ಕೊಟ್ಟರೆ ಡಿಸ್ಚಾರ್ಜ್ ಹಾಳೆಯ ಕರಡನ್ನು ಸೋಮವಾರ ತಮ್ಮ ಮೇಜಿನ ಮೇಲಿಡುತ್ತೇನೆ.

ತಮ್ಮ ವಿಶ್ವಾಸಿ,
ಸುಜಾತಾ
ಸ್ಟಾಫ್ ನರ್ಸ್, ಸ್ತ್ರೀರೋಗ ವಾರ್ಡ್