ಶನಿವಾರದ ಅಣಕು ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ತಪ್ಪಿದ್ದರ ಬಗ್ಗೆ

ಪ್ರಿಯ ವಿದ್ಯಾರ್ಥಿಗಳೇ,

ಶನಿವಾರದ ಉತ್ತರ ಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೇನೆ. ಅಂಕಗಳನ್ನು ಹೇಳುವ ಮೊದಲು ಈ ಟಿಪ್ಪಣಿಯನ್ನು ನೀವೆಲ್ಲರೂ ಪೆನ್ಸಿಲ್ ಹಿಡಿದು ಓದಬೇಕೆಂದು ಬಯಸುತ್ತೇನೆ.

ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ಒಂದು ಸಾಲಿನಲ್ಲಿ ಸವಿತಾಳ ಎಡಕ್ಕೆ 11 ಜನ, ಬಲಕ್ಕೆ 17 ಜನ ನಿಂತಿದ್ದಾರೆ, ಸಾಲಿನಲ್ಲಿ ಒಟ್ಟು ಎಷ್ಟು ಜನರಿದ್ದಾರೆ? ಪರೀಕ್ಷೆ ಬರೆದ 38 ಮಂದಿಯಲ್ಲಿ 26 ಮಂದಿ 27 ಎಂದು ಬರೆದಿದ್ದೀರಿ. ಹಿಂದಿನ ವಾರ ತರಗತಿಯಲ್ಲಿ ‘ಸವಿತಾ ಎಡದಿಂದ 12ನೆಯವಳು, ಬಲದಿಂದ 18ನೆಯವಳು’ ಎಂಬ ಲೆಕ್ಕಕ್ಕೆ ನೀವೇ ಒಕ್ಕೊರಲಿನಿಂದ 29 ಎಂದು ಹೇಳಿದ್ದಿರಿ. ಇವೆರಡೂ ಒಂದೇ ಸಾಲು. ಮಾತು ಬದಲಾಗಿದೆಯೇ ಹೊರತು ನಿಂತವರಲ್ಲಿ ಒಬ್ಬರೂ ಕಡಿಮೆಯಾಗಿಲ್ಲ. ಆದರೂ ನಿಮ್ಮ ಉತ್ತರದಲ್ಲಿ ಇಬ್ಬರು ಕಾಣೆಯಾಗಿದ್ದಾರೆ.

‘ಎರಡನ್ನೂ ಕೂಡಿಸಿ ಒಂದು ಕಳೆ’ ಎಂಬ ಸೂತ್ರ ನಿಮ್ಮ ಬಾಯಲ್ಲಿತ್ತು. ಆ ಒಂದು ಎಲ್ಲಿಂದ ಬಂತೆಂಬುದು ಮಾತ್ರ ನೆನಪಿನಲ್ಲಿರಲಿಲ್ಲ. ಎಡದಿಂದ 12ನೆಯವಳು ಎಂದಾಗ ಆ ಹನ್ನೆರಡರಲ್ಲಿ ಸವಿತಾ ಸೇರಿದ್ದಾಳೆ, ಬಲದಿಂದ 18ನೆಯವಳು ಎಂದಾಗ ಆ ಹದಿನೆಂಟರಲ್ಲಿಯೂ ಸೇರಿದ್ದಾಳೆ. ಹೀಗೆ ಎರಡು ಸಲ ಎಣಿಕೆಯಾದ ಅವಳನ್ನು ಒಂದು ಸಲ ಬಿಡುವುದಕ್ಕಾಗಿ ಒಂದನ್ನು ಕಳೆಯುತ್ತೇವೆ. ‘ಎಡಕ್ಕೆ 11 ಜನ, ಬಲಕ್ಕೆ 17 ಜನ’ ಎಂದಾಗ ಅವಳು ಯಾವ ಎಣಿಕೆಯಲ್ಲೂ ಇಲ್ಲ, ಆದ್ದರಿಂದ ಅವಳನ್ನು ಸೇರಿಸಬೇಕು: 11 + 17 + 1 = 29. ಉತ್ತರ ಪತ್ರಿಕೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ನಡುವೆ ಒಂದು ಚುಕ್ಕೆಯಿಟ್ಟು, ಎರಡೂ ಬದಿಗೆ ಸಂಖ್ಯೆ ಬರೆದುಕೊಂಡಿದ್ದ ಏಳು ಮಂದಿಯ ಉತ್ತರವೂ ಸರಿಯಾಗಿದೆ. ಅವರಲ್ಲಿ ಮೂವರು ಸೂತ್ರಗಳನ್ನು ಒಪ್ಪಿಸುವಾಗ ಸದಾ ತಡವರಿಸುವವರು ಎಂಬುದನ್ನು ನಾನು ಸಂತೋಷದಿಂದ ಗಮನಿಸಿದೆ.

ಸರಾಸರಿ ವೇಗದ ಪ್ರಶ್ನೆಯಲ್ಲಿಯೂ ಇದೇ ಆಗಿದೆ. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಮರಳುವಾಗ 40 ಕಿ.ಮೀ. ವೇಗವಿದ್ದರೆ 2xy/(x+y) ಸೂತ್ರದಿಂದ 48 ಬರುತ್ತದೆ, ಅದು ಸರಿ. ಶನಿವಾರ ನಾನು ಕೇಳಿದ್ದು, ಎರಡು ಗಂಟೆ 60ರ ವೇಗದಲ್ಲಿ, ಮತ್ತೆರಡು ಗಂಟೆ 40ರ ವೇಗದಲ್ಲಿ ಸಾಗಿದ ಬಸ್ಸಿನ ಸರಾಸರಿ ವೇಗವನ್ನು. ಆ ಬಸ್ಸು ನಾಲ್ಕು ಗಂಟೆಗಳಲ್ಲಿ 200 ಕಿ.ಮೀ. ಕ್ರಮಿಸಿದೆ, ಹಾಗಾಗಿ ಉತ್ತರ 50. ಸೂತ್ರ ನಿಂತಿರುವುದು ಎರಡೂ ಕಡೆಯ ದೂರ ಸಮ ಎಂಬ ಷರತ್ತಿನ ಮೇಲೆ. ಇಲ್ಲಿ ಸಮವಾಗಿದ್ದದ್ದು ಕಾಲ. 60, 40 ಎಂಬ ಪರಿಚಿತ ಅಂಕಿಗಳನ್ನು ಕಂಡೊಡನೆ ಪ್ರಶ್ನೆಯ ಉಳಿದ ಪದಗಳ ಮೇಲೆ ಕಣ್ಣು ಜಾರಿಹೋಯಿತು, ಆದರೆ ಷರತ್ತು ಅಡಗಿದ್ದದ್ದು ಆ ಪದಗಳಲ್ಲೇ.

ರಕ್ತಸಂಬಂಧದ ಪ್ರಶ್ನೆಯನ್ನು ಇನ್ನೂ ನಿಧಾನವಾಗಿ ನೋಡೋಣ. ಫೋಟೋದಲ್ಲಿರುವ ಹುಡುಗನನ್ನು ತೋರಿಸಿ, ‘ಇವನ ತಾಯಿ ನನ್ನ ತಾಯಿಯ ಒಬ್ಬಳೇ ಮಗಳು’ ಎಂದು ಮಹಿಳೆಯೊಬ್ಬಳು ಹೇಳಿದರೆ, ಆ ಒಬ್ಬಳೇ ಮಗಳು ಅವಳೇ. ಆದ್ದರಿಂದ ಹುಡುಗ ಅವಳ ಮಗ. ನೀವು ಇದನ್ನು ‘ನನ್ನ ತಾಯಿಯ ಒಬ್ಬಳೇ ಮಗಳು ಎಂದರೆ ಮಾತನಾಡುವವರೇ’ ಎಂದು ಬಾಯಿಪಾಠ ಮಾಡಿಕೊಂಡಿದ್ದೀರಿ. ಈ ಬಾರಿ ಅದೇ ಮಾತನ್ನು ಒಬ್ಬ ಪುರುಷ ಹೇಳಿದ್ದ. ಪುರುಷನ ತಾಯಿಯ ಒಬ್ಬಳೇ ಮಗಳು ಅವನ ಸಹೋದರಿ, ಆದ್ದರಿಂದ ಅವನು ಆ ಹುಡುಗನ ಸೋದರಮಾವ. ‘ಮಹಿಳೆ’ ಎಂಬಲ್ಲಿ ‘ಪುರುಷ’ ಎಂದಾಗಿದೆ, ಅಷ್ಟೇ ವ್ಯತ್ಯಾಸ. ‘ತಂದೆ’ ಎಂದು ಗುರುತು ಹಾಕಿದವರ ಸಂಖ್ಯೆ ಕಂಡು ನನಗೆ ನಿಜಕ್ಕೂ ಕಳವಳವಾಯಿತು, ಏಕೆಂದರೆ ಮನೆಯ ಸಂಬಂಧಗಳನ್ನು ಇಷ್ಟು ಸೂಕ್ಷ್ಮವಾಗಿ ಹೆಸರಿಸುವ ಭಾಷೆಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಲು ಯಾವ ಸೂತ್ರವೂ ಬೇಕಿರಲಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ಜೂನ್ ತಿಂಗಳಲ್ಲಿ ಪಠ್ಯಕ್ರಮ ಬೇಗ ಮುಗಿಸುವ ಅವಸರದಲ್ಲಿ ಕೆಲವು ಸೂತ್ರಗಳನ್ನು ಅವುಗಳ ಕಾರಣ ವಿವರಿಸದೆ ಕಪ್ಪು ಹಲಗೆಯ ಮೇಲೆ ಬರೆದುಬಿಟ್ಟೆ, ನೀವು ನಂಬಿಕೆಯಿಂದ ಬರೆದುಕೊಂಡಿರಿ. ಸೂತ್ರ ಬೇಡವೆಂದು ನಾನೀಗ ಹೇಳುತ್ತಿಲ್ಲ. ಸಮಯದ ಒತ್ತಡದಲ್ಲಿ ಅದು ದೊಡ್ಡ ನೆರವು. ಆದರೆ ಅದು ಉಳಿಸುವುದು ಹತ್ತೋ ಹದಿನೈದೋ ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಗಳಲ್ಲಿ ಆ ಅವಸರ, ಬರಬೇಕಾದ ಅಂಕದ ಜೊತೆಗೆ ಬಂದಿರುವ ಅಂಕಕ್ಕೂ ಕೈಹಾಕುತ್ತದೆ. ಪ್ರಶ್ನೆಗಳ ಮಾತನ್ನು ಬದಲಿಸಿ ಕೇಳುವವರ ಮೇಲೂ ಬೇಸರ ಬೇಡ. ನೀವು ಯೋಚಿಸುತ್ತೀರೋ ನೆನಪಿಸಿಕೊಳ್ಳುತ್ತೀರೋ ಎಂದು ತಿಳಿಯಲು ಅವರಿಗಿರುವ ದಾರಿಯೇ ಅದು.

ಸೋಮವಾರ ಬರುವಾಗ ಎಲ್ಲರೂ ಸೂತ್ರಗಳ ನೋಟ್‌ಬುಕ್ ತನ್ನಿ. ಪ್ರತಿ ಸೂತ್ರದ ಪಕ್ಕದಲ್ಲಿ ಅದು ಯಾವ ಷರತ್ತಿಗೆ ಒಳಪಟ್ಟಿದೆ ಎಂದು ಒಂದು ವಾಕ್ಯ ಬರೆಯಬೇಕು, ಆ ಷರತ್ತು ಮುರಿಯುವಂತೆ ಒಂದು ಪ್ರಶ್ನೆಯನ್ನು ನೀವೇ ರಚಿಸಬೇಕು. ಬರೆಯಲಾಗದ ಸೂತ್ರದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಅಂಥವುಗಳಿಂದಲೇ ಅಂದಿನ ಪಾಠ ಆರಂಭವಾಗುತ್ತದೆ.

ಇಂತಿ,
ನಿಮ್ಮ ಮಾನಸಿಕ ಸಾಮರ್ಥ್ಯ ವಿಷಯದ ಅಧ್ಯಾಪಕ