ವೋಲ್ಟಾಸ್ 1.5 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ, ಆರ್-32 ಗ್ಯಾಸ್, 17,500 ರೂಪಾಯಿ – ಮೈಸೂರು ಕುವೆಂಪುನಗರ

ಮಡಿಕೇರಿಗೆ ಟ್ರಾನ್ಸ್‌ಫರ್ ಆಗಿದೆ, ಅಲ್ಲಿ ಎಸಿ ಬೇಕಾಗಲ್ಲ. ಅದಕ್ಕೇ ಕೊಡುತ್ತಿದ್ದೇವೆ. 2021ರ ಏಪ್ರಿಲ್‌ನಲ್ಲಿ ಹೊಸದಾಗಿ ತೆಗೆದುಕೊಂಡಿದ್ದು, ಬಿಲ್ ಇದೆ. ಐದು ಬೇಸಿಗೆ ಓಡಿದೆ. ಅಮ್ಮನ ರೂಮಿನಲ್ಲಿ ರಾತ್ರಿ ಮಾತ್ರ ಹಾಕುತ್ತಿದ್ದೆವು, ಮಳೆಗಾಲ ಶುರುವಾದ ಮೇಲೆ ಮುಟ್ಟುತ್ತಲೇ ಇರಲಿಲ್ಲ.

ಲೇಬಲ್ಲಿನಲ್ಲಿ 5 ಸ್ಟಾರ್ ಇದೆ. ಆದರೆ ಅದು 2021ರ ಲೇಬಲ್. 2022ರ ಜುಲೈನಲ್ಲಿ ಸ್ಟಾರ್ ಲೆಕ್ಕ ಬಿಗಿಯಾಯಿತು, ಆ ಲೆಕ್ಕದಲ್ಲಿ ಇದು 4 ಸ್ಟಾರ್ ಆಯಿತು, 2026ರ ಜನವರಿಯಿಂದ ಲೆಕ್ಕ ಇನ್ನೂ ಬಿಗಿಯಾಗಿದೆ, ಹಾಗಾಗಿ ಈಗ ಇದನ್ನು 5 ಸ್ಟಾರ್ ಅಂತ ಹಿಡಿಯಬೇಡಿ. ಅಂಗಡಿಯ ಹೊಸ 5 ಸ್ಟಾರ್ ಜೊತೆ ಹೋಲಿಸಿ ಆಮೇಲೆ ಬೇಜಾರು ಮಾಡಿಕೊಳ್ಳಬಾರದು. ನಮ್ಮ ರೂಮು 12x13 ಅಡಿ, ಹದಿನೈದು ನಿಮಿಷಕ್ಕೆ ತಣ್ಣಗಾಗುತ್ತದೆ. ದೊಡ್ಡ ಹಾಲ್‌ಗೆ ಸಾಲದು.

ರಿಪೇರಿ ಒಂದೇ ಸಲ ಆಗಿದೆ. 2023ರಲ್ಲಿ ಮನೆ ಬದಲಾಯಿಸಿದಾಗ ಫಿಟ್ ಮಾಡಿದವರು ಪೈಪಿನ ನಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ, ಎರಡು ತಿಂಗಳಲ್ಲಿ ಗ್ಯಾಸ್ ಖಾಲಿ. ಬೇರೆ ಮೆಕ್ಯಾನಿಕ್ ಕರೆಸಿ ಲೀಕ್ ಸರಿ ಮಾಡಿಸಿ, ವ್ಯಾಕ್ಯೂಮ್ ಮಾಡಿಸಿ, ಪೂರ್ತಿ ಹೊಸ ಗ್ಯಾಸ್ ತುಂಬಿಸಿದೆವು. ಅಲ್ಲಿಂದ ಇಲ್ಲಿವರೆಗೆ ಕೂಲಿಂಗ್ ಒಂದು ಚೂರೂ ಕಡಿಮೆ ಆಗಿಲ್ಲ. ಕಾಯಿಲ್ ತಾಮ್ರದ್ದು. ಔಟ್‌ಡೋರ್ ಯೂನಿಟ್ಟಿನ ಹಿಂದೆ, ಎಡಗಡೆ ಕೆಳಗೆ, ಅಂಗೈಯಷ್ಟು ಜಾಗದಲ್ಲಿ ಜಾಲರಿ ಬಗ್ಗಿದೆ, ಫೋಟೋದಲ್ಲಿ ಹತ್ತಿರದಿಂದ ತೋರಿಸಿದ್ದೇನೆ. ರಿಮೋಟಿನ ಹಿಂದಿನ ಮುಚ್ಚಳ ಇಲ್ಲ, ಟೇಪ್ ಹಚ್ಚಿದೆ.

ಫಿಟ್ಟಿಂಗ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಿಸುವ ಖರ್ಚು ನಮ್ಮದು. ಸಾಗಿಸುವುದು, ನಿಮ್ಮ ಮನೆಯಲ್ಲಿ ಕೂರಿಸುವುದು ನಿಮ್ಮದು. ಬಿಚ್ಚುವ ಮುಂಚೆ ಎಸಿ ಓಡಿಸಿಕೊಂಡೇ ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಎಳೆದು ವಾಲ್ವ್ ಮುಚ್ಚುತ್ತಾರೆ. ಆಗ ನೀವೂ ಇದ್ದರೆ ಒಳ್ಳೆಯದು, ಕೂಲಿಂಗ್ ನೋಡಿದ ಹಾಗೂ ಆಗುತ್ತದೆ, ಗ್ಯಾಸ್ ಬಿಟ್ಟಿಲ್ಲ ಅನ್ನುವುದು ಕಣ್ಣಾರೆ ಗೊತ್ತಾಗುತ್ತದೆ. ಕೂರಿಸುವಾಗ ವ್ಯಾಕ್ಯೂಮ್ ಪಂಪ್ ತರುವ ಮೆಕ್ಯಾನಿಕ್ಕನ್ನೇ ಕರೆಸಿ, ಸುಮ್ನೆ ಗ್ಯಾಸ್ ಬಿಟ್ಟು ಗಾಳಿ ಹೊರಹಾಕುವವರು ಬೇಡ. ಆರ್-32 ಬೆಂಕಿ ಹತ್ತಬಲ್ಲ ಗ್ಯಾಸ್, ಅದನ್ನು ಬಲ್ಲವರೇ ಮುಟ್ಟಬೇಕು. ಕಮ್ಮಿ ಆಯಿತು ಅಂತ ಬೇರೆ ಗ್ಯಾಸ್ ಬೆರೆಸಲು ಬಿಡಬೇಡಿ. 16 ಆಂಪ್ ಸಾಕೆಟ್ ಬೇಕು.

ಮೂರು ಮೀಟರ್ ತಾಮ್ರದ ಪೈಪು, ಗೋಡೆಯ ಸ್ಟ್ಯಾಂಡು, ಸ್ಟೆಬಿಲೈಸರ್ ಎಲ್ಲ ಇದೇ ರೇಟಿನಲ್ಲಿ ಸೇರಿದೆ. ಪೈಪು ಜಾಸ್ತಿ ಬೇಕಾದರೆ ನೀವೇ ತರಬೇಕು.

ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ, ಇಳಿಸಲು ಇಬ್ಬರು ಬೇಕು. ಎಸಿ ಇನ್ನೂ ಗೋಡೆಯಲ್ಲೇ ಇದೆ, ಸಂಜೆ 6ರ ಮೇಲೆ ಅಥವಾ ಭಾನುವಾರ ಬಂದು ಅರ್ಧ ಗಂಟೆ ಓಡಿಸಿ ನೋಡಿ. ಎದುರಿಗೆ ಕೂತರೆ ಐನೂರು ರೂಪಾಯಿ ಬಿಡುತ್ತೇನೆ, ಅದಕ್ಕಿಂತ ಕಡಿಮೆ ಆಗಲ್ಲ. 2,000 ಮುಂಗಡ ಕೊಟ್ಟವರಿಗೆ ಇಟ್ಟಿರುತ್ತೇನೆ, ಉಳಿದದ್ದು ಬಿಚ್ಚುವ ದಿನ. ಈ ತಿಂಗಳ 28ಕ್ಕೆ ಮನೆ ಖಾಲಿ ಮಾಡುತ್ತೇವೆ, ಅಷ್ಟರೊಳಗೆ ತೆಗೆದುಕೊಂಡು ಹೋಗಬೇಕು. ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ.